995 ಎಂಬ ಅಂಕಿಯ ಮರೆಯಲ್ಲಿ

ಮಂಡ್ಯ ಜಿಲ್ಲೆಯ ವೇದಿಕೆಗಳ ಮೇಲೆ ಹೆಣ್ಣುಮಕ್ಕಳ ಮಾತು ಬಂದಾಗ ಒಂದು ಅಂಕಿಯನ್ನು ಎತ್ತಿ ಹಿಡಿಯುವವರಿದ್ದಾರೆ. 2011ರ ಜನಗಣತಿಯಲ್ಲಿ ಮಂಡ್ಯದಲ್ಲಿ ಸಾವಿರ ಗಂಡಸರಿಗೆ 995 ಹೆಂಗಸರು. ಇಡೀ ರಾಜ್ಯದಲ್ಲಿ 973, ಹರಿಯಾಣದಲ್ಲಿ 879. "ನೋಡಿ, ನಮ್ಮಲ್ಲಿ ಹೆಣ್ಣಿಗೆ ಕುಂದಿಲ್ಲ" ಎಂದು ಹೇಳಿ, ಹಾರ ಹಾಕಿಸಿಕೊಂಡು ಇಳಿದು ಹೋಗುತ್ತಾರೆ.

ಅಂಕಿ ಸುಳ್ಳಲ್ಲ. ಅದನ್ನು ಓದುವ ರೀತಿ ಸುಳ್ಳು. ಏಕೆಂದರೆ ಅದೇ ಗಣತಿಯಲ್ಲಿ, ಅದೇ ಜಿಲ್ಲೆಯಲ್ಲಿ, ಆರು ವರ್ಷದವರೆಗಿನ ಮಕ್ಕಳನ್ನಷ್ಟೇ ಎಣಿಸಿದರೆ ಸಾವಿರ ಗಂಡಿಗೆ 939 ಹೆಣ್ಣು. ರಾಜ್ಯದ ಅಂಕಿ 948. ದೊಡ್ಡವರ ಲೆಕ್ಕದಲ್ಲಿ ರಾಜ್ಯಕ್ಕಿಂತ ಮುಂದಿರುವ ಜಿಲ್ಲೆ ಮಕ್ಕಳ ಲೆಕ್ಕದಲ್ಲಿ ರಾಜ್ಯಕ್ಕಿಂತ ಹಿಂದೆ! ಇದು ಹೇಗೆ ಸಾಧ್ಯ? ಇದನ್ನು ತಿಳಿಯಲು ಒಂದೇ ಅಂಕಿ ಸಾಲದು. ಜಿಲ್ಲೆಯ ಜನಸಂಖ್ಯೆಯ ಪಿರಮಿಡ್ಡನ್ನು ನೋಡಬೇಕು.

ಹೆಸರಿಗೆ ಹೆದರಬೇಕಾಗಿಲ್ಲ. ಹಾಳೆಯ ನಡುವೆ ಒಂದು ನೆಟ್ಟಗೆರೆ ಎಳೆಯಿರಿ. ಎಡಕ್ಕೆ ಗಂಡಸರು, ಬಲಕ್ಕೆ ಹೆಂಗಸರು. ಕೆಳಗಿನ ಮೆಟ್ಟಿಲಿನಲ್ಲಿ ಐದು ತುಂಬದ ಮಕ್ಕಳು, ಅದರ ಮೇಲೆ ಐದರಿಂದ ಒಂಬತ್ತು, ಹೀಗೆ ಐದೈದು ವರ್ಷಕ್ಕೊಂದು ಮೆಟ್ಟಿಲು. ಎಷ್ಟು ಜನವೋ ಅಷ್ಟು ಉದ್ದದ ಪಟ್ಟಿ. ಗಣತಿ ಇಲಾಖೆಯ ಸಿ-14 ಎಂಬ ಕೋಷ್ಟಕದಲ್ಲಿ ಪ್ರತಿ ಜಿಲ್ಲೆಗೂ ಈ ಲೆಕ್ಕವಿದೆ. ಏಳನೆಯ ತರಗತಿಯ ಹುಡುಗನೂ ಒಂದು ಸಂಜೆಯಲ್ಲಿ ಬರೆದುಬಿಡಬಹುದು.

ಇನ್ನು ಓದುವ ಬಗೆ. ಪ್ರತಿ ಮೆಟ್ಟಿಲಲ್ಲೂ ಎಡಬಲಗಳನ್ನು ಹೋಲಿಸಿ. ತಳದಲ್ಲಿ ಎಡಪಟ್ಟಿ ತುಸು ಉದ್ದವಿರುವುದು ಸಹಜ, ಏಕೆಂದರೆ ಲೋಕದಲ್ಲಿ ಸಾಮಾನ್ಯವಾಗಿ ನೂರು ಹೆಣ್ಣಿಗೆ ನೂರೈದರಷ್ಟು ಗಂಡು ಹುಟ್ಟುತ್ತದೆ. ಎಂದರೆ ಸಾವಿರ ಗಂಡಿಗೆ ಸುಮಾರು 952 ಹೆಣ್ಣು. ಆದರೆ ಎಳೆತನದಲ್ಲಿ ಬದುಕುಳಿಯುವ ಕಸುವು ಹೆಣ್ಣುಮಗುವಿಗೇ ಹೆಚ್ಚು. ಆದ್ದರಿಂದ ಮೇಲೆ ಹೋದಂತೆ ಎರಡು ಪಟ್ಟಿಗಳೂ ಸಮವಾಗುತ್ತ ಬರಬೇಕು. ಅರವತ್ತು ದಾಟಿದ ಮೇಲೆ ಬಲಪಟ್ಟಿಯೇ ಉದ್ದವಾಗಬೇಕು, ಏಕೆಂದರೆ ಮುದುಕರಿಗಿಂತ ಮುದುಕಿಯರು ಹೆಚ್ಚು ಕಾಲ ಬದುಕುತ್ತಾರೆ. ಈ ಚಿತ್ರಕ್ಕೆ ಹೊಂದದೆ ಎಲ್ಲಿ ಹಲ್ಲು ಬಿದ್ದಿದೆಯೋ ಅಲ್ಲಿ ಬೆರಳಿಟ್ಟು ಕಾರಣ ಕೇಳಬೇಕು.

ಈಗ 995ರ ಗುಟ್ಟಿಗೆ ಬರೋಣ. ಲೆಕ್ಕಕ್ಕೆಂದು ಒಂದು ಊರನ್ನು ಊಹಿಸಿಕೊಳ್ಳಿ. ಮಕ್ಕಳಲ್ಲಿ ಗಂಡು 100, ಹೆಣ್ಣು 94. ದುಡಿಯುವ ಪ್ರಾಯದವರಲ್ಲಿ ಗಂಡಸರು 700, ಹೆಂಗಸರು 690. ಮುದುಕರು 80, ಮುದುಕಿಯರು 96. ಕೂಡಿ ನೋಡಿ: ಎರಡು ಕಡೆಯೂ 880. ಸಾವಿರಕ್ಕೆ ಸಾವಿರ! ತಳದಲ್ಲಿ ಕಾಣೆಯಾದ ಹುಡುಗಿಯರ ಜಾಗವನ್ನು ತುದಿಯಲ್ಲಿರುವ ಅಜ್ಜಿಯರು ತುಂಬಿಬಿಟ್ಟರು. ಇನ್ನು ಆ ಊರಿನ ನಲವತ್ತು ಮಂದಿ ಗಂಡಾಳು ಕೂಲಿಗೆಂದು ಬೆಂಗಳೂರಿಗೆ ಹೋದರೆನ್ನಿ. ಗಂಡಸರು 840ಕ್ಕೆ ಇಳಿದರು, ಹೆಂಗಸರು 880 ಉಳಿದರು. ಈಗ ಸಾವಿರಕ್ಕೆ 1048! ಒಂದು ಹೆಣ್ಣುಮಗುವೂ ಹೆಚ್ಚಾಗಿ ಹುಟ್ಟಲಿಲ್ಲ, ಒಂದು ಜೀವವೂ ಉಳಿಯಲಿಲ್ಲ. ಆದರೂ ಅಂಕಿ ಏರಿತು, ಭಾಷಣಕ್ಕೆ ವಸ್ತುವೂ ಸಿಕ್ಕಿತು.

ಇದು ಊಹೆಯ ಊರಿನ ಕಥೆ ಮಾತ್ರವಲ್ಲ. ಉಡುಪಿ ಜಿಲ್ಲೆಯಲ್ಲಿ 2011ರಲ್ಲಿ ಸಾವಿರ ಗಂಡಸರಿಗೆ 1094 ಹೆಂಗಸರಿದ್ದರು. ಮುಂಬಯಿಯ ಹೋಟೆಲುಗಳಿಗೂ ಕೊಲ್ಲಿ ದೇಶಗಳಿಗೂ ಗಂಡಸರನ್ನು ಕಳಿಸಿದ ಜಿಲ್ಲೆ ಅದು. ಅಲ್ಲಿಯೂ ಮಕ್ಕಳ ಮೆಟ್ಟಿಲಿನಲ್ಲಿ ಗಂಡೇ ಹೆಚ್ಚು. ಮಂಡ್ಯದ ಜನಸಂಖ್ಯೆ 2001ರಿಂದ 2011ರವರೆಗೆ ಏರಿದ್ದು ನೂರಕ್ಕೆ ಎರಡು ಚಿಲ್ಲರೆ ಮಾತ್ರ. ರಾಜ್ಯದ್ದು ಹದಿನೈದಕ್ಕೂ ಹೆಚ್ಚು. ಹುಟ್ಟು ಕಡಿಮೆಯಾದದ್ದೊಂದೇ ಇದಕ್ಕೆ ಕಾರಣವಾಗಲಾರದು. ಜನ ಊರು ಬಿಟ್ಟಿದ್ದಾರೆ. ಗಿರಣಿಯಲ್ಲಿ ನಿಂತು ಈ ಪತ್ರಿಕೆ ಓದುತ್ತಿರುವ ಗೆಳೆಯನೆ, ನಿನ್ನ ಹುಟ್ಟೂರಿನ ಎಡಪಟ್ಟಿಯಲ್ಲಿ ಬಿದ್ದಿರುವ ಹಲ್ಲು ನೀನೇ. ನೀನು ಹೊಟ್ಟೆಪಾಡಿಗೆ ಊರು ಬಿಟ್ಟದ್ದನ್ನು ಹೆಣ್ಣಿನ ಏಳಿಗೆ ಎಂದು ಜಮಾ ಬರೆದುಕೊಳ್ಳುತ್ತಿದ್ದಾರೆ!

ಆದ್ದರಿಂದ ಒಟ್ಟು ಅಂಕಿಯನ್ನು ಬದಿಗಿಟ್ಟು ತಳದ ಮೆಟ್ಟಿಲನ್ನು ನೋಡಿ. ಅಲ್ಲಿಯ ಮಕ್ಕಳು ಒಬ್ಬೊಬ್ಬರೇ ಕೂಲಿಗೆ ವಲಸೆ ಹೋಗುವುದಿಲ್ಲ. ಅಪ್ಪ ಅಮ್ಮನ ಜತೆ ಹೋದರೆ ಹುಡುಗನೂ ಹೋಗುತ್ತಾನೆ, ಹುಡುಗಿಯೂ ಹೋಗುತ್ತಾಳೆ. 952 ಇರಬೇಕಾದಲ್ಲಿ 939 ಎಂದರೆ, ಒಂದು ಲಕ್ಷ ಗಂಡುಮಕ್ಕಳಿಗೆ ಸಾವಿರದ ಮುನ್ನೂರು ಹೆಣ್ಣುಮಕ್ಕಳು ಲೆಕ್ಕಕ್ಕೆ ಸಿಕ್ಕಿಲ್ಲ. ಒಂದೇ ಹಳ್ಳಿಯಲ್ಲಿ ನೂರಕ್ಕೆ ತೊಂಬತ್ತನಾಲ್ಕು ಬಂದರೆ ಆಕಸ್ಮಿಕವೆನ್ನಬಹುದು. ಒಂದು ಜಿಲ್ಲೆಯ ಏಳು ವರ್ಷದ ಎಲ್ಲ ಮಕ್ಕಳಲ್ಲಿ ಹಾಗೆ ಬಂದರೆ ಅದು ಆಕಸ್ಮಿಕವಲ್ಲ.

ಪಿರಮಿಡ್ಡು ಎಲ್ಲವನ್ನೂ ಹೇಳುವುದಿಲ್ಲ ಎಂಬುದನ್ನೂ ಒಪ್ಪೋಣ. ಮೇಷ್ಟ್ರ ಕೆಲಸ ಮಾಡಿದ ನನಗೆ ಗೊತ್ತು: ಹುಟ್ಟಿದ ದಿನ ತಿಳಿಯದ ಮಗುವಿಗೆಲ್ಲ ಶಾಲೆಯ ದಾಖಲೆಯಲ್ಲಿ ಜೂನ್ ಒಂದೇ ಜನ್ಮದಿನ. ಗಣತಿಗೆ ಹೋದವರು "ಅಜ್ಜಿ, ವಯಸ್ಸೆಷ್ಟು?" ಎಂದರೆ "ಅರವತ್ತು ಅಂತ ಬರ್ಕೊಳಪ್ಪ" ಎನ್ನುತ್ತಾರೆ. ಹೀಗಾಗಿ ಸೊನ್ನೆ ಮತ್ತು ಐದರಲ್ಲಿ ಮುಗಿಯುವ ವಯಸ್ಸುಗಳಲ್ಲಿ ಜನ ಗುಂಪುಗೂಡಿರುತ್ತಾರೆ. ಐದೈದು ವರ್ಷ ಕಟ್ಟುವುದೇ ಈ ಉಬ್ಬನ್ನು ತಗ್ಗಿಸಲು. ಆದರೆ ಈ ತಪ್ಪು ಮುದುಕರ ಮೆಟ್ಟಿಲಲ್ಲಿ ಹೆಚ್ಚು, ಮಕ್ಕಳ ಮೆಟ್ಟಿಲಲ್ಲಿ ಕಡಿಮೆ. ಇನ್ನೊಂದು ಮಿತಿ ದೊಡ್ಡದು. ಹುಡುಗಿ ಹುಟ್ಟುವ ಮೊದಲೇ ಹೋದಳೋ, ಹುಟ್ಟಿದ ಮೇಲೆ ಆರೈಕೆಯಿಲ್ಲದೆ ಹೋದಳೋ, ಅದನ್ನು ಪಟ್ಟಿಯ ಉದ್ದ ಹೇಳಲಾರದು.

ಅದನ್ನು ಹೇಳಬಲ್ಲದ್ದು ಜನನ ನೋಂದಣಿ. ಮೊದಲ ಹೆರಿಗೆ, ಎರಡನೆಯದು, ಮೂರನೆಯದು ಎಂದು ಬೇರೆ ಮಾಡಿ ಗಂಡೆಷ್ಟು ಹೆಣ್ಣೆಷ್ಟು ಎಂದು ಎಣಿಸಿ. ಮೊದಲನೆಯದರಲ್ಲಿ ಲೆಕ್ಕ ಸರಿಯಿದ್ದು ಎರಡನೆಯ, ಮೂರನೆಯದರಲ್ಲಿ ಹೆಣ್ಣು ಕುಸಿದಿದ್ದರೆ ಅದು ಪ್ರಕೃತಿಯ ಕೆಲಸವಲ್ಲ, ಯಂತ್ರದ ಕೆಲಸ. ಭ್ರೂಣದ ಲಿಂಗ ಪತ್ತೆಯನ್ನು ತಡೆಯುವ ಕಾನೂನು 1994ರಲ್ಲೇ ಬಂತು. 2023ರ ನವೆಂಬರಿನಲ್ಲಿ ಬೆಂಗಳೂರಿನ ಪೊಲೀಸರು ಹಿಡಿದ ಜಾಲದ ಜಾಡು ಮಂಡ್ಯ ಜಿಲ್ಲೆಯ ಒಂದು ಆಲೆಮನೆಗೆ ಮುಟ್ಟಿತು. ಬೆಲ್ಲ ಬೇಯುವ ಜಾಗದಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಬಸಿರನ್ನು ಜಾಲಾಡುತ್ತಿದ್ದರೆಂಬುದು ಆರೋಪ. ವರದಕ್ಷಿಣೆಯ ಅಂಜಿಕೆಯನ್ನು ಬಡವನ ಮನೆಯಲ್ಲಿ ಬಿತ್ತಿದ್ದು ಈ ಸಮಾಜ. ಆ ಅಂಜಿಕೆಯ ಮೇಲೆ ಕಾಸು ಮಾಡಿಕೊಳ್ಳುವವರು ಯಂತ್ರದ ಧಣಿಗಳು. 995 ಎಂದು ಬೀಗುವವರು ಇವರಿಗೆ ನೆರಳಾಗಿ ನಿಂತಿದ್ದಾರೆ.

2021ರಲ್ಲಿ ಆಗಬೇಕಿದ್ದ ಗಣತಿ ಆಗಲಿಲ್ಲ. ಹೊಸ ಗಣತಿಗೆ 2027ರ ಮಾರ್ಚ್ 1 ಎಂದು ದಿನ ಗೊತ್ತುಮಾಡಿದ್ದಾರೆ. 2011ರಲ್ಲಿ ತಳದಲ್ಲಿದ್ದ ಆ ಮಕ್ಕಳು ಅಷ್ಟರಲ್ಲಿ ಹದಿನಾರರಿಂದ ಇಪ್ಪತ್ತೆರಡರ ಮೆಟ್ಟಿಲಿಗೆ ಏರಿರುತ್ತಾರೆ. ಅವರ ನಡುವಿನ ಬಿರುಕೂ ಅವರೊಡನೆ ಮೇಲೇರಿರುತ್ತದೆ. ಆದರೆ ಆ ವೇಳೆಗೆ ಹುಡುಗರು ಕೆಲಸ ಹುಡುಕಿಕೊಂಡು ಊರು ಬಿಟ್ಟಿದ್ದರೆ ಬಿರುಕು ಮುಚ್ಚಿದಂತೆ ಕಾಣುತ್ತದೆ, ಮತ್ತೆ ಹಾರ ತುರಾಯಿಗಳು ಬರುತ್ತವೆ.

ಅದಕ್ಕೇ ನಮ್ಮ ಒತ್ತಾಯ ಇಷ್ಟು. ಗಣತಿಗೆ ಕಾಯದೆ, ಪ್ರತಿ ತಾಲ್ಲೂಕು ಕಚೇರಿಯ ಗೋಡೆಯ ಮೇಲೆ ವರ್ಷಕ್ಕೊಮ್ಮೆ ಹುಟ್ಟಿದ ಗಂಡು ಹೆಣ್ಣುಗಳ ಲೆಕ್ಕವನ್ನು ಹೆರಿಗೆಯ ಸರದಿಯಂತೆ ಬರೆದು ತೂಗುಹಾಕಿ. ಮುಂದಿನ ಸಭೆಯಲ್ಲಿ ಯಾರಾದರೂ 995 ಎಂದರೆ, ಕೂತಲ್ಲಿಂದಲೇ ಎದ್ದು ಕೇಳಿ: "ಸ್ವಾಮಿ, ತಳದ ಮೆಟ್ಟಿಲಲ್ಲಿ ಎಷ್ಟು?"