‘ನೋಡೂಣ ತಗೋರಿ’ ಅಂದ್ರ ಒಪ್ಪಿಗೆ ಅಲ್ಲ

ನಮ್ಮ ಹುಬ್ಬಳ್ಳಿ ಟೀಮಿನ 50 ನಿಮಿಷದ ಮೀಟಿಂಗ್ ಅಕ್ಷರಕ್ಕಿಳಿದಾಗ 14 ಪುಟ. ಒಂದು ಪುಟ ಪೂರ್ತಿ ಗಿರ್ಮಿಟ್ ಎಲ್ಲಿ ಚಲೋ ಅನ್ನೋದೇ!

ನಾನು ಅದನ್ನ ಕೊನೆಯಿಂದ ಓದ್ತೀನಿ. ಮೊದಲು ಆಡಿದ್ದನ್ನ ಆಮೇಲಿನ ಮಾತು ರದ್ದು ಮಾಡಿರುತ್ತೆ. 12ನೇ ನಿಮಿಷದಲ್ಲಿ ಡೆವಲಪರ್, ‘ಓಟಿಪಿ ತಡಾ ಆಗೋದನ್ನ ಶುಕ್ರವಾರದೊಳಗ ಸರಿ ಮಾಡ್ತೇನ್ರಿ’ ಅಂದಿದ್ದ. 41ರಲ್ಲಿ ಅವನೇ, ‘ಸರ್ವರ್ ಲಾಗ್ ಸಿಗದ ಏನೂ ಆಗಂಗಿಲ್ರಿ’ ಅಂದ. ಲಾಗ್ ಕೊಡಬೇಕಾದವರು ‘ನೋಡೂಣ ತಗೋರಿ’ ಅಂದು ಸುಮ್ಮನಾದರು. ನಮ್ಮ ಕಡೆ ಅದು ಹೂಂ ಅಲ್ಲ, ನಿಮಗೂ ಗೊತ್ತು. ದಿನ ಊಹಿಸಿ ಬರೆಯದೆ ಫೋನ್ ಮಾಡಿ ಕೇಳಿದೆ. ‘ಬುಧವಾರ’ ಅಂದರು.

ಮಿನಿಟ್ಸ್‌ನಲ್ಲಿ ಈ ವಿಷಯಕ್ಕೆ ಉಳಿದಿದ್ದು ಎರಡೇ ಸಾಲು: ಬುಧವಾರ ಸಂಜೆಯೊಳಗೆ ಲಾಗ್ ಕೊಡುವುದು, ಸಿಕ್ಕ ಎರಡು ದಿನದಲ್ಲಿ ಓಟಿಪಿ ಸರಿಪಡಿಸುವುದು. ಎರಡರ ಮುಂದೂ ಒಬ್ಬೊಬ್ಬರದೇ ಹೆಸರು. ‘ಟೀಮ್’ ಅಂತ ಬರೆದ್ರೆ ಯಾರೂ ಮಾಡಂಗಿಲ್ಲ.