ಹೆಚ್ಚು ಆಂಪ್ ಇರುವ ಅಡಾಪ್ಟರ್ ಹಾಕಿದರೆ ರೂಟರ್ ಸುಟ್ಟುಹೋಗುತ್ತದೆಯೇ?

ಮನೆ ಬದಲಿಸುವಾಗ ವೈಫೈ ರೂಟರ್ ಸಿಗುತ್ತದೆ, ಅದರ ಅಡಾಪ್ಟರ್ ಮಾತ್ರ ಎಲ್ಲೋ ಕಳೆದುಹೋಗಿರುತ್ತದೆ. ಇಲ್ಲವೇ ಮಳೆಗಾಲದಲ್ಲಿ ಒಮ್ಮೆ ಕರೆಂಟ್ ಹೋಗಿ ಬಂದ ಮೇಲೆ ಅಡಾಪ್ಟರ್ ಸತ್ತಿರುತ್ತದೆ. ಆಗ ಡ್ರಾಯರ್‌ನಲ್ಲಿರುವ ಹಳೆಯ ಅಡಾಪ್ಟರ್‌ಗಳನ್ನೆಲ್ಲ ಹೊರತೆಗೆದು, ಯಾವುದರ ಪಿನ್ ಕೂರುತ್ತದೋ ಅದನ್ನು ಚುಚ್ಚುವುದು ಸಾಮಾನ್ಯ. ಈ ವಿಷಯದಲ್ಲಿ ಎರಡು ಮಾತುಗಳು ಕೇಳಿಬರುತ್ತವೆ. ಒಂದು, ‘ಪಿನ್ ಕೂತರೆ ಸಾಕು, ಎಲ್ಲ ಒಂದೇ’. ಇನ್ನೊಂದು, ‘ಆಂಪ್ ಜಾಸ್ತಿ ಇರುವ ಅಡಾಪ್ಟರ್ ಹಾಕಿದರೆ ರೂಟರ್ ಸುಟ್ಟುಹೋಗುತ್ತದೆ’. ಎರಡೂ ತಪ್ಪು. ಮೊದಲನೆಯದನ್ನು ನಂಬಿದರೆ ರೂಟರ್ ಹಾಳಾಗಬಹುದು. ಎರಡನೆಯದನ್ನು ನಂಬಿದರೆ ಸರಿಯಾಗಿ ಕೆಲಸ ಮಾಡುವ ಅಡಾಪ್ಟರ್ ಮನೆಯಲ್ಲೇ ಇದ್ದರೂ ಹೊಸದನ್ನು ಕೊಳ್ಳುತ್ತೇವೆ.

ಮೊದಲು ರೂಟರ್‌ಗೆ ಏನು ಬೇಕು ಎಂದು ತಿಳಿಯಬೇಕು. ರೂಟರ್ ತಿರುಗಿಸಿದರೆ ತಳದ ಸ್ಟಿಕರ್‌ನಲ್ಲಿ, ಇಲ್ಲವೇ ಪವರ್ ಪಿನ್ ಹೋಗುವ ತೂತಿನ ಪಕ್ಕದಲ್ಲಿ ಅದನ್ನು ಬರೆದಿರುತ್ತಾರೆ. ಫೈಬರ್ ಸಂಪರ್ಕದ ಅನೇಕ ರೂಟರ್‌ಗಳಲ್ಲಿ 12 ವೋಲ್ಟ್, 1 ಆಂಪ್ ಎಂದಿರುತ್ತದೆ. ಚಿಕ್ಕ ರೂಟರ್‌ಗಳಲ್ಲಿ 9 ಅಥವಾ 5 ವೋಲ್ಟ್ ಎಂದೂ ಇರಬಹುದು. ಇನ್ನು ಅಡಾಪ್ಟರ್ ಮೇಲೆ ಎರಡು ಸಾಲುಗಳಿರುತ್ತವೆ. ಇನ್‌ಪುಟ್ ಸಾಲಿನಲ್ಲಿರುವುದು ಗೋಡೆಯ ಪ್ಲಗ್‌ನಿಂದ ಬರುವ ಕರೆಂಟಿನ ವಿವರ. ಅಲ್ಲಿ ‘100ರಿಂದ 240 ವೋಲ್ಟ್, 0.5 ಆಂಪ್’ ಎಂದು ಕಂಡು ಗೊಂದಲಪಡುವವರು ಬಹಳ ಮಂದಿ. ಅದನ್ನು ಬಿಟ್ಟುಬಿಡಿ. ನಮಗೆ ಬೇಕಿರುವುದು ಔಟ್‌ಪುಟ್ ಸಾಲು ಮಾತ್ರ. ಕೆಲವದರಲ್ಲಿ 1 ಆಂಪ್ ಬದಲು 1000 ಮಿಲಿಆಂಪ್ ಎಂದಿರುತ್ತದೆ, ಎರಡೂ ಒಂದೇ.

ವೋಲ್ಟ್ ಮತ್ತು ಆಂಪ್‌ಗೆ ಒಂದೇ ನಿಯಮ ಅಲ್ಲ. ವೋಲ್ಟ್ ಎಂದರೆ ಅಡಾಪ್ಟರ್ ತಾನಾಗಿಯೇ ರೂಟರ್ ಮೇಲೆ ಹಾಕುವ ಒತ್ತಡ. ಅದನ್ನು ಬೇಡ ಎನ್ನಲು ರೂಟರ್‌ಗೆ ಆಗುವುದಿಲ್ಲ. ಆಂಪ್ ಹಾಗಲ್ಲ. ಅಡಾಪ್ಟರ್ ಮೇಲಿರುವ ಆಂಪ್, ಅದು ಹೆಚ್ಚೆಂದರೆ ಎಷ್ಟು ಕರೆಂಟ್ ಕೊಡಬಲ್ಲದು ಎಂಬ ಮಿತಿ. ಎಷ್ಟು ಎಳೆದುಕೊಳ್ಳಬೇಕು ಎಂಬುದನ್ನು ನಿರ್ಧರಿಸುವುದು ರೂಟರ್. ಗೀಸರ್‌ಗೆಂದು ಹಾಕಿಸಿದ 16 ಆಂಪ್ ಸಾಕೆಟ್‌ಗೆ ಮೊಬೈಲ್ ಚಾರ್ಜರ್ ಹಾಕಿದರೆ ಮೊಬೈಲ್ ಸುಡುವುದಿಲ್ಲ ಅಲ್ಲವೇ? ಇಲ್ಲೂ ಅಷ್ಟೇ. ಹಾಗಾಗಿ ವೋಲ್ಟ್ ಸರಿಯಾಗಿ ಅಷ್ಟೇ ಇರಬೇಕು, ಆಂಪ್ ಅಷ್ಟಾದರೂ ಇರಬೇಕು. ಜಾಸ್ತಿ ಇದ್ದರೆ ತೊಂದರೆ ಇಲ್ಲ.

ಈಗ ಡ್ರಾಯರ್‌ಗೆ ಬರೋಣ. ರೂಟರ್‌ಗೆ 12 ವೋಲ್ಟ್, 1 ಆಂಪ್ ಬೇಕು. ಸಿಕ್ಕಿರುವುದು ನಾಲ್ಕು ಅಡಾಪ್ಟರ್: ಹಳೆಯ ಸೆಟ್‌ಟಾಪ್ ಬಾಕ್ಸ್‌ನದು 12 ವೋಲ್ಟ್ 2 ಆಂಪ್, ಇನ್ನೊಂದು 12 ವೋಲ್ಟ್ 0.5 ಆಂಪ್, ಮತ್ತೊಂದು 9 ವೋಲ್ಟ್ 1 ಆಂಪ್, ಕೊನೆಯದು 19 ವೋಲ್ಟ್‌ನ ಲ್ಯಾಪ್‌ಟಾಪ್ ಚಾರ್ಜರ್.

ಲ್ಯಾಪ್‌ಟಾಪಿನದನ್ನು ಮೊದಲೇ ಪಕ್ಕಕ್ಕಿಡಿ. 12 ವೋಲ್ಟ್‌ಗೆಂದು ಮಾಡಿದ ರೂಟರ್‌ನೊಳಗಿನ ಭಾಗಗಳು 19 ವೋಲ್ಟ್ ತಾಳಬೇಕೆಂದೇನೂ ಇಲ್ಲ. ಒಂದು ಕ್ಷಣ ಹಾಕಿ ತೆಗೆದರೂ ರೂಟರ್ ಹೋಗಬಹುದು.

9 ವೋಲ್ಟಿನದು ಮೋಸ ಮಾಡುತ್ತದೆ. ಹಾಕಿದರೆ ಲೈಟ್ ಹೊತ್ತಿಕೊಳ್ಳಬಹುದು, ಇಂಟರ್ನೆಟ್ ಕೂಡ ಬರಬಹುದು. ಏಕೆಂದರೆ ರೂಟರ್‌ನೊಳಗಿನ ಚಿಪ್‌ಗಳು ನಡೆಯುವುದು 3.3 ವೋಲ್ಟ್ ಅಥವಾ ಅದಕ್ಕೂ ಕಡಿಮೆಯಲ್ಲಿ. ಬಂದ ವೋಲ್ಟೇಜನ್ನು ಇಳಿಸಿಕೊಡುವ ಪುಟ್ಟ ಸರ್ಕ್ಯೂಟ್ ಒಳಗೇ ಇರುತ್ತದೆ. ಆದರೆ ಅಷ್ಟೇ ಕೆಲಸ ನಡೆಯಬೇಕಾದರೆ ವೋಲ್ಟ್ ಕಡಿಮೆಯಾದಷ್ಟೂ ಆ ಸರ್ಕ್ಯೂಟ್ ಹೆಚ್ಚು ಆಂಪ್ ಎಳೆಯುತ್ತದೆ. 12 ವೋಲ್ಟ್ 1 ಆಂಪ್ ಎಂದರೆ 12 ವ್ಯಾಟ್. ಅದೇ 12 ವ್ಯಾಟ್‌ಗೆ 9 ವೋಲ್ಟಿನಲ್ಲಿ ಸುಮಾರು 1.33 ಆಂಪ್ ಬೇಕು. ಆಗ ಆ 1 ಆಂಪ್ ಅಡಾಪ್ಟರ್ ಸುಸ್ತಾಗುತ್ತದೆ.

12 ವೋಲ್ಟ್ 0.5 ಆಂಪಿನದೂ ಇದೇ ದಾರಿ. ಒಬ್ಬರೇ ಮೆಸೇಜ್ ನೋಡುತ್ತಿರುವಾಗ ಎಲ್ಲವೂ ಸರಿ. ಸಂಜೆ ಮನೆಯವರೆಲ್ಲ ವಿಡಿಯೋ ನೋಡಲು ಕೂತಾಗ ರೂಟರ್ ಹೆಚ್ಚು ಕರೆಂಟ್ ಎಳೆಯುತ್ತದೆ, ಅಡಾಪ್ಟರಿನ ವೋಲ್ಟೇಜ್ ಕುಸಿಯುತ್ತದೆ, ರೂಟರ್ ತಾನಾಗಿ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ನಾವು ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿ ಬೈಯುತ್ತೇವೆ! ಗುರುತು ಹಿಡಿಯುವುದು ಸುಲಭ. ಲೈನ್ ಹೋಗಿದ್ದರೆ ಪವರ್ ಮತ್ತು ವೈಫೈ ಲೈಟ್ ಹಾಗೇ ಇದ್ದು ಇಂಟರ್ನೆಟ್ ಲೈಟ್ ಮಾತ್ರ ಆರುತ್ತದೆ ಅಥವಾ ಕೆಂಪಾಗುತ್ತದೆ. ಎಲ್ಲ ಲೈಟುಗಳೂ ಒಟ್ಟಿಗೆ ಆರಿ ಮೊದಲಿನಿಂದ ಹೊತ್ತಿಕೊಳ್ಳುತ್ತಿದ್ದರೆ ಅಡಾಪ್ಟರ್ ಮೇಲೆ ಸಂಶಯಪಡಿ. ಹಳೆಯ ಅಡಾಪ್ಟರ್ ಒಳಗಿನ ಕೆಪಾಸಿಟರ್ ಒಣಗಿದಾಗಲೂ ಇದೇ ಲಕ್ಷಣ ಕಾಣುತ್ತದೆ. ಅಂಥದ್ದನ್ನು ಬಿಡಿಯಾಗಿ ಮೀಟರಿನಲ್ಲಿ ಅಳೆದರೆ ಸರಿಯಾಗಿ 12 ವೋಲ್ಟ್ ತೋರಿಸಬಹುದು, ರೂಟರ್ ಜೋಡಿಸಿದ ಮೇಲೆ ಮಾತ್ರ ಕುಸಿಯುತ್ತದೆ.

ಉಳಿದದ್ದು ಸೆಟ್‌ಟಾಪ್ ಬಾಕ್ಸಿನ 12 ವೋಲ್ಟ್ 2 ಆಂಪ್. ಜನ ಹೆದರುವುದು ಇದಕ್ಕೇ, ಆದರೆ ನಾಲ್ಕರಲ್ಲಿ ಸರಿಯಾದದ್ದು ಇದೇ. ಹಾಕುವ ಮೊದಲು ಇನ್ನೊಂದೇ ಒಂದನ್ನು ನೋಡಬೇಕು: ಪ್ಲಸ್ ಎಲ್ಲಿದೆ, ಮೈನಸ್ ಎಲ್ಲಿದೆ.

ಅಡಾಪ್ಟರ್ ಮೇಲೆ ಒಂದು ಪುಟ್ಟ ಚಿತ್ರವಿರುತ್ತದೆ. ನಡುವೆ ಚುಕ್ಕೆ, ಅದರ ಸುತ್ತ ಅರ್ಧ ತೆರೆದ ಬಳೆಯಂಥ ಗೆರೆ, ಎರಡೂ ಬದಿಯಲ್ಲಿ ಪ್ಲಸ್ ಮತ್ತು ಮೈನಸ್. ಚುಕ್ಕೆ ಎಂದರೆ ಪಿನ್ನಿನ ಒಳಭಾಗ, ಬಳೆ ಎಂದರೆ ಹೊರಗಿನ ಲೋಹ. ಚುಕ್ಕೆಗೆ ಪ್ಲಸ್ ಸೇರಿದ್ದರೆ ಒಳಗೆ ಪ್ಲಸ್ ಎಂದರ್ಥ. ಹೆಚ್ಚಿನ ರೂಟರ್‌ಗಳು ಹೀಗೇ ಇರುತ್ತವೆ, ಆದರೂ ರೂಟರಿನ ಚಿತ್ರ ಮತ್ತು ಅಡಾಪ್ಟರಿನ ಚಿತ್ರ ಒಂದೇ ಆಗಿದೆಯೇ ನೋಡಿಕೊಳ್ಳಿ. ಉಲ್ಟಾ ಕೊಟ್ಟರೆ ಕೆಲವು ರೂಟರ್‌ಗಳು ಸುಮ್ಮನೆ ಆನ್ ಆಗದೆ ಇರುತ್ತವೆ, ಕೆಲವು ಸತ್ತೇ ಹೋಗುತ್ತವೆ. ಚಿತ್ರ ಅಳಿಸಿಹೋಗಿದ್ದರೆ ಮಲ್ಟಿಮೀಟರನ್ನು ಡಿಸಿ 20 ವೋಲ್ಟ್‌ಗೆ ಇಟ್ಟು, ಕೆಂಪು ಕಡ್ಡಿಯನ್ನು ಪಿನ್ನಿನ ಒಳಗೆ, ಕಪ್ಪು ಕಡ್ಡಿಯನ್ನು ಹೊರಗೆ ಮುಟ್ಟಿಸಿ. ಅಂಕಿಯ ಮುಂದೆ ಮೈನಸ್ ಬಂದರೆ ಒಳಗಿರುವುದು ಮೈನಸ್. ಎರಡು ಕಡ್ಡಿಗಳು ಒಂದಕ್ಕೊಂದು ತಾಗದಂತೆ ನೋಡಿಕೊಳ್ಳಿ.

ಔಟ್‌ಪುಟ್ ಸಾಲಿನಲ್ಲೂ ಒಂದು ಗುರುತು ಗಮನಿಸಿ. ನೇರ ಗೆರೆಯ ಕೆಳಗೆ ಚುಕ್ಕೆಗೆರೆ ಇದ್ದರೆ ಡಿಸಿ, ಅದು ನಮಗೆ ಬೇಕಾದದ್ದು. ಅಲೆಯಂಥ ಗೆರೆ ಇದ್ದರೆ ಎಸಿ. ಕೆಲವು ಹಳೆಯ ಮೋಡೆಮ್‌ಗಳ ಭಾರದ ಅಡಾಪ್ಟರ್‌ಗಳು ಎಸಿಯನ್ನೇ ಹೊರಗೆ ಕೊಡುತ್ತಿದ್ದವು. ಡಿಸಿ ಬೇಕಾದ ರೂಟರ್‌ಗೆ ಅವು ಆಗುವುದಿಲ್ಲ.

ಪಿನ್ನಿನ ಅಳತೆ ಕೊನೆಯದು. ಸಾಮಾನ್ಯ ಪಿನ್ನಿನ ಹೊರ ಅಗಲ 5.5 ಮಿಲಿಮೀಟರ್. ಒಳಗಿನ ತೂತು ಮಾತ್ರ 2.1 ಅಥವಾ 2.5 ಮಿಲಿಮೀಟರ್ ಎಂದು ಎರಡು ಬಗೆ, ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ದೊಡ್ಡ ತೂತಿನದು ಚಿಕ್ಕ ಕಡ್ಡಿಯ ಮೇಲೆ ಆರಾಮಾಗಿ ಕೂರುತ್ತದೆ, ಆದರೆ ಸಡಿಲವಾಗಿ. ವೈರ್ ಮುಟ್ಟಿದರೆ ರೂಟರ್ ಆಫ್ ಆಗುತ್ತಿದ್ದರೆ ಇದೇ ಕಾರಣವಿರಬಹುದು. ಇಲ್ಲವೇ ರೂಟರಿನ ಸಾಕೆಟ್ಟೇ ಸಡಿಲಾಗಿರಬಹುದು, ಆಗ ಹೊಸ ಅಡಾಪ್ಟರ್ ತಂದರೂ ಪ್ರಯೋಜನವಿಲ್ಲ.

ಹೊಸದನ್ನು ಕೊಳ್ಳುವುದಾದರೆ ಹಳೆಯ ಅಡಾಪ್ಟರ್ ಅಥವಾ ರೂಟರಿನ ಸ್ಟಿಕರ್ ಫೋಟೋ ತೆಗೆದುಕೊಂಡು ಅಂಗಡಿಗೆ ಹೋಗಿ, ಬಿಐಎಸ್ ಗುರುತು ಇರುವುದನ್ನೇ ಕೇಳಿ. ತೀರಾ ಅಗ್ಗದವುಗಳಲ್ಲಿ 2 ಆಂಪ್ ಎಂದು ಅಚ್ಚು ಹಾಕಿದ್ದರೂ ಅಷ್ಟು ಕೊಡುತ್ತವೆಂಬ ಭರವಸೆ ಇಲ್ಲ. ಸತ್ತ ಅಡಾಪ್ಟರನ್ನು ಬಿಚ್ಚಿ ನೋಡಲು ಹೋಗಬೇಡಿ. ಪ್ಲಗ್‌ನಿಂದ ತೆಗೆದ ಮೇಲೂ ಅದರೊಳಗಿನ ಕೆಪಾಸಿಟರಿನಲ್ಲಿ ಸುಮಾರು 300 ವೋಲ್ಟ್ ಸ್ವಲ್ಪ ಹೊತ್ತು ಉಳಿದಿರಬಹುದು.