ಹಾಲ್‌ನ ಫ್ಯಾನ್ ಬದಲಿಸಿ, ಅಡುಗೆಮನೆಯದನ್ನ ಬಿಟ್ಟುಬಿಡಿ

ಬಿಎಲ್‌ಡಿಸಿ ಫ್ಯಾನ್ ಒಳ್ಳೇದಾ ಅಂತ ಯಾರಾದ್ರೂ ಕೇಳಿದರೆ ನಮ್ಮ ಬ್ರಾಂಚ್‌ನವರು ಥಟ್ಟನೆ ಹೇಳೋ ಉತ್ತರ ಒಂದೇ: "75 ವಾಟ್ ಎಲ್ಲಿ, 30 ವಾಟ್ ಎಲ್ಲಿ, ಕಣ್ಣುಮುಚ್ಚಿ ತಗೋ." ಕಳೆದ ರಜೆಗೆ ಮುಂಚೆ ನಾವೂ ಹಾಗೇ ಹೇಳ್ತಿದ್ದೆವು. ಏಪ್ರಿಲ್‌ನಲ್ಲಿ ಗೆಳೆಯನೊಬ್ಬನ ಕಲಬುರಗಿ ಮನೆಗೆ ಹೋಗಿ ನಾಲ್ಕು ದಿನ ಉಳಿದ ಮೇಲೆ ಆ ಉತ್ತರ ಅರ್ಧ ಮಾತ್ರ ಸರಿ ಅನ್ನಿಸಿದೆ.

ಮನೆ ಒಂದೇ ಅಂತಸ್ತಿನದು, ಆರ್‌ಸಿಸಿ ತಾರಸಿ. ಹಗಲೆಲ್ಲ ಬಿಸಿಲು ಕುಡಿದ ತಾರಸಿ ರಾತ್ರಿ ಹನ್ನೆರಡರವರೆಗೂ ಆ ಬಿಸಿಯನ್ನ ಒಳಗೆ ಬಿಡ್ತಾ ಇರುತ್ತೆ. ಅಲ್ಲಿ ಫ್ಯಾನ್ ಬೇಸಿಗೆಯಲ್ಲಿ ಆರೋದೇ ಇಲ್ಲ, ಸ್ಪೀಡ್ ಐದರಿಂದ ಇಳಿಯೋದೂ ಇಲ್ಲ. ಗೆಳೆಯನ ತಂದೆಗೆ ಏಪ್ರಿಲ್ ಬಿಲ್‌ನ ಚಿಂತೆ. "ನೀವು ಇಂಜಿನಿಯರ್ ಆಗೋರು, ನಾಲ್ಕೂ ಫ್ಯಾನ್ ಬದಲು ಮಾಡ್ಲೋ ಬ್ಯಾಡೋ ಹೇಳ್ರಿ" ಅಂದರು. ನಾಲ್ಕು ಅಂದರೆ ಹನ್ನೊಂದು ಸಾವಿರ ರೂಪಾಯಿಯ ಮೇಲಿನ ಮಾತು. ಬಾಯಿಗೆ ಬಂದಂತೆ ಹೇಳೋ ಹಾಗಿರಲಿಲ್ಲ.

ಅಳತೆಗೆ ನಮ್ಮ ಹತ್ತಿರ ವಾಟ್‌ಮೀಟರ್ ಇರಲಿಲ್ಲ, ಆದರೆ ಅದು ಪ್ರತಿ ಮನೆಯ ಗೋಡೆ ಮೇಲೂ ಇದೆ. ಎಲೆಕ್ಟ್ರಾನಿಕ್ ಮೀಟರಿನಲ್ಲಿ ಒಂದು ಕೆಂಪು ದೀಪ ಮಿಣುಕುತ್ತಲ್ಲ, ಅದರ ಪಕ್ಕದಲ್ಲಿ 3200 imp/kWh ಅಂತ ಬರೆದಿರುತ್ತೆ (ನಿಮ್ಮ ಮನೆಯದು ಬೇರೆ ಸಂಖ್ಯೆ ಇರಬಹುದು). ಒಂದು ಯೂನಿಟ್‌ಗೆ ಆ ದೀಪ 3200 ಸಲ ಮಿಣುಕುತ್ತೆ ಅಂತ ಅರ್ಥ. ಮನೆಯ ಉಳಿದದ್ದನ್ನೆಲ್ಲ ಆಫ್ ಮಾಡಿ, ಒಂದೇ ಫ್ಯಾನ್ ಓಡಿಸಿ, ಎರಡು ಮಿಣುಕಿನ ನಡುವೆ ಎಷ್ಟು ಸೆಕೆಂಡು ಅಂತ ಎಣಿಸಿದರೆ ಸಾಕು:

ವಾಟ್ = 36,00,000 ÷ (3200 × ಸೆಕೆಂಡು)

ಹದಿನೈದು ಸೆಕೆಂಡಿಗೊಮ್ಮೆ ಮಿಣುಕಿದರೆ 75 ವಾಟ್. ಮೂವತ್ತೇಳೂವರೆ ಸೆಕೆಂಡು ಆದರೆ 30 ವಾಟ್. ಹತ್ತು ಮಿಣುಕು ಎಣಿಸಿ ಹತ್ತರಿಂದ ಭಾಗಿಸಿದರೆ ಇನ್ನೂ ನಿಖರ. ನಮ್ಮ ಮೊದಲ ಲೆಕ್ಕದಲ್ಲಿ ಹಾಲ್ ಫ್ಯಾನ್ 190 ವಾಟ್ ಅಂತ ಬಂತು! ಹತ್ತು ನಿಮಿಷ ತಲೆ ಕೆರೆದುಕೊಂಡ ಮೇಲೆ ಗೊತ್ತಾಯ್ತು, ಮೂಲೆಯಲ್ಲಿದ್ದ ಯುಪಿಎಸ್ ಬ್ಯಾಟರಿ ಚಾರ್ಜ್ ಆಗ್ತಾ ಇತ್ತು. ಅದನ್ನೂ ಬಂದ್ ಮಾಡಿ ಮತ್ತೆ ಎಣಿಸಿದೆವು.

ಹಾಲ್‌ನ ಹಳೇ ಫ್ಯಾನ್ 14 ಸೆಕೆಂಡು, ಅಂದರೆ 80 ವಾಟ್. ಅದನ್ನ ಒಮ್ಮೆ ರೀವೈಂಡಿಂಗ್ ಮಾಡಿಸಿದ್ದರಂತೆ. ದೊಡ್ಡವರ ಮಲಗೋ ಕೋಣೆಯದು 75. ಅಡುಗೆಮನೆಯದೂ 75. ಆಶ್ಚರ್ಯ ಆಗಿದ್ದು ಗೆಳೆಯನ ಕೋಣೆಯ ಫ್ಯಾನ್ ನೋಡಿ. ಅದೂ ಸಾದಾ ಇಂಡಕ್ಷನ್ ಫ್ಯಾನೇ, ಎರಡು ವರ್ಷದ ಹಿಂದೆ ತಂದದ್ದು, ಆದರೆ 51 ವಾಟ್ ಮಾತ್ರ.

ಇದಕ್ಕೆ ಕಾರಣ ಇದೆ. 2023ರ ಜನವರಿಯಿಂದ ಸೀಲಿಂಗ್ ಫ್ಯಾನ್‌ಗೂ ಸ್ಟಾರ್ ಲೇಬಲ್ ಕಡ್ಡಾಯ ಆಯ್ತು. ಒಂದು ವಾಟ್‌ಗೆ ನಿಮಿಷಕ್ಕೆ ಎಷ್ಟು ಘನ ಮೀಟರ್ ಗಾಳಿ ಅನ್ನೋದು ಆ ಲೇಬಲ್‌ನ ಅಳತೆ. 1200 ಮಿಲಿಮೀಟರ್ ಫ್ಯಾನ್ ಒಂದು ಸ್ಟಾರ್ ಪಡೆಯೋಕೂ ಅದು ಕನಿಷ್ಠ 4 ಇರಬೇಕು. 210 ಘನ ಮೀಟರ್ ಗಾಳಿ ಕೊಡೋ ಫ್ಯಾನ್ ಈ ಗೆರೆ ದಾಟಬೇಕಾದರೆ 52 ವಾಟ್ ಒಳಗೇ ಇರಬೇಕು. ಅಂದರೆ ಇವತ್ತು ಅಂಗಡಿಯಲ್ಲಿ ಹೊಸದಾಗಿ ಸಿಗೋ ಸಾದಾ ಫ್ಯಾನ್ 75 ವಾಟ್‌ನದಲ್ಲ. ಜಾಹೀರಾತಿನವರು ಮಾತ್ರ ಇವತ್ತಿಗೂ 75ನ್ನೇ ಪಕ್ಕಕ್ಕಿಟ್ಟು ತೋರಿಸ್ತಾರೆ. ಹಳೇದನ್ನ ಕಿತ್ತು ಹಾಕೋರಿಗೆ ಆ ಹೋಲಿಕೆ ಸರಿ. ಹೊಸ ಮನೆಗೆ ಫ್ಯಾನ್ ಕೊಳ್ಳೋರಿಗೆ ಅಂತರ 45 ಅಲ್ಲ, 20ರ ಆಸುಪಾಸು.

ಈ ವಾಟ್‌ಗಳು ಹೋಗೋದಾದರೂ ಎಲ್ಲಿಗೆ? ಮಷೀನ್ಸ್ ಲ್ಯಾಬ್ ಮಾಡಿದವರಿಗೆ ಇದು ಹೊಸದಲ್ಲ. ಸಾದಾ ಫ್ಯಾನ್ ಅಂದರೆ ಕಂಡೆನ್ಸರ್ ಇರೋ ಸಿಂಗಲ್ ಫೇಸ್ ಇಂಡಕ್ಷನ್ ಮೋಟಾರ್. 14 ಪೋಲ್ ಆದರೆ 50 ಹರ್ಟ್ಸ್‌ನಲ್ಲಿ ಸಿಂಕ್ರೊನಸ್ ಸ್ಪೀಡ್ 428, ರೆಕ್ಕೆ ತಿರುಗೋದು 370ರ ಹತ್ತಿರ. ಆ ಸ್ಲಿಪ್ ಅಷ್ಟೂ ರೋಟರ್‌ನಲ್ಲಿ ಬಿಸಿಯಾಗುತ್ತೆ, ಸ್ಟೇಟರ್‌ನ ತಾಮ್ರದಲ್ಲಿ ಮತ್ತಷ್ಟು. ಬಿಎಲ್‌ಡಿಸಿಯಲ್ಲಿ ರೋಟರ್ ಅಂದರೆ ಶಾಶ್ವತ ಮ್ಯಾಗ್ನೆಟ್, ಅದಕ್ಕೆ ಕರೆಂಟ್ ಹರಿಸೋದೇ ಬೇಡ. ಸ್ಲಿಪ್ ಇಲ್ಲ. ಹೆಚ್ಚುಕಡಿಮೆ ಅಷ್ಟೇ ಗಾಳಿಯನ್ನ ಅದು 30 ವಾಟ್‌ನಲ್ಲಿ ಕೊಡುತ್ತೆ ಅಂದಮೇಲೆ ರೆಕ್ಕೆಗೆ ನಿಜವಾಗಿ ಬೇಕಿರೋದು ಅದಕ್ಕಿಂತ ಕಮ್ಮಿ. ಹಾಲ್ ಫ್ಯಾನ್‌ನಲ್ಲಿ ಉಳಿದ 50 ವಾಟ್ ಮೋಟಾರನ್ನ ಕಾಯಿಸೋಕೆ, ಅದೂ ಮೊದಲೇ ಕಾದ ಮನೆಯೊಳಗೆ.

ಈಗ ತಿಂಗಳ ಲೆಕ್ಕ. ಹಾಲ್ ಫ್ಯಾನ್ ದಿನಕ್ಕೆ 18 ಗಂಟೆ ಓಡುತ್ತೆ, ತಿಂಗಳಿಗೆ 43 ಯೂನಿಟ್. ಬಿಎಲ್‌ಡಿಸಿ ಹಾಕಿದರೆ 16. ಒಂದೇ ಫ್ಯಾನ್‌ನಿಂದ 27 ಯೂನಿಟ್ ಉಳಿತಾಯ. ದೊಡ್ಡವರ ಕೋಣೆಯದು 14 ಗಂಟೆ, ಉಳಿಯೋದು 19. ಗೆಳೆಯನ ಕೋಣೆಯದೂ 14 ಗಂಟೆ, ಆದರೆ ಅದು 51 ವಾಟ್‌ನದಾದ್ದರಿಂದ 9 ಮಾತ್ರ. ಅಡುಗೆಮನೆಯಲ್ಲಿ ದಿನಕ್ಕೆ ಎರಡು ಗಂಟೆ. ಉಳಿತಾಯ ಮೂರು ಯೂನಿಟ್ ಕೂಡ ಇಲ್ಲ.

ಯೂನಿಟ್‌ಗೆ ತೆರಿಗೆ, ಸರ್‌ಚಾರ್ಜ್ ಸೇರಿ ಆರೂವರೆ ರೂಪಾಯಿ ಅಂತಿಟ್ಟುಕೊಳ್ಳಿ. ಅಡುಗೆಮನೆಗೆ 2,800 ರೂಪಾಯಿಯ ಫ್ಯಾನ್ ಹಾಕಿದರೆ ತಿಂಗಳಿಗೆ ಹದಿನೆಂಟು ರೂಪಾಯಿಯೂ ಉಳಿಯಲ್ಲ, ದುಡ್ಡು ವಾಪಸ್ ಬರೋಕೆ ಹದಿಮೂರು ವರ್ಷದ ಮೇಲೆ ಬೇಕು.

ಇಷ್ಟಕ್ಕೇ ನಿಂತಿದ್ದರೆ ಇದು ಯಾವ ರಾಜ್ಯದ ಮನೆಯ ಲೆಕ್ಕವೂ ಆಗಿರ್ತಿತ್ತು. ನಮ್ಮಲ್ಲಿ ಗೃಹಜ್ಯೋತಿ ಇದೆ. ಈ ಮನೆಯಷ್ಟು ಬಳಸೋರಿಗೆ 2022-23ರ ಸರಾಸರಿ ಬಳಕೆಗೆ ಶೇ. 10 ಸೇರಿಸಿದಷ್ಟು ಯೂನಿಟ್ ಉಚಿತ. ಅದನ್ನ ದಾಟಿ 200ರ ಒಳಗಿದ್ದರೆ ದಾಟಿದ್ದಕ್ಕೆ ಮಾತ್ರ ದುಡ್ಡು. 200 ದಾಟಿತೋ, ಇಡೀ ಬಿಲ್ ಕಟ್ಟಬೇಕು. ಈ ಮನೆಗೆ ಉಚಿತ ಮಿತಿ 165 ಯೂನಿಟ್. ಚಳಿಗಾಲದಲ್ಲಿ 130 ದಾಟಲ್ಲ, ಬಿಲ್ ಸೊನ್ನೆ. ಆಗ ಬಿಎಲ್‌ಡಿಸಿ ಇದ್ದರೂ ಇಲ್ಲದಿದ್ದರೂ ಮನೆಯವರಿಗೆ ಒಂದು ಪೈಸೆಯೂ ಉಳಿಯಲ್ಲ. ಜಾಹೀರಾತಿನ "ವರ್ಷಕ್ಕೆ ಇಷ್ಟು ಸಾವಿರ" ಅನ್ನೋ ಲೆಕ್ಕ ಇಲ್ಲಿ ಬಿದ್ದುಹೋಗುತ್ತೆ.

ಆದರೆ ಏಪ್ರಿಲ್ ನೋಡಿ. ಬಳಕೆ 232 ಯೂನಿಟ್. 200 ದಾಟಿದ್ದಕ್ಕೆ ಇಡೀ 232ಕ್ಕೂ ದುಡ್ಡು, ಫಿಕ್ಸೆಡ್ ಚಾರ್ಜ್ ಬಿಟ್ಟು ಸುಮಾರು 1,508 ರೂಪಾಯಿ. ಹಾಲ್ ಮತ್ತು ದೊಡ್ಡವರ ಕೋಣೆಯ ಫ್ಯಾನ್ ಎರಡನ್ನೇ ಬದಲಿಸಿದರೆ 46 ಯೂನಿಟ್ ಇಳಿದು 186. ಆಗ ಕಟ್ಟಬೇಕಾದದ್ದು 165ರ ಮೇಲಿನ 21 ಯೂನಿಟ್‌ಗೆ ಮಾತ್ರ, ಸುಮಾರು 137 ರೂಪಾಯಿ. ಒಂದೇ ತಿಂಗಳಲ್ಲಿ 1,371 ರೂಪಾಯಿ ವ್ಯತ್ಯಾಸ! ಹಿಂದಿನ ವರ್ಷದ ಮೇ ಬಿಲ್ ತೆಗೆದು ನೋಡಿದೆವು, ಅದರಲ್ಲಿ 240. ಅದೂ 194ಕ್ಕೆ ಇಳಿದು ಗೆರೆಯ ಒಳಗೆ ಬರುತ್ತೆ. ಎರಡು ಫ್ಯಾನ್‌ಗೆ ಹಾಕಿದ 5,600 ರೂಪಾಯಿ ಎರಡು ಬೇಸಿಗೆಯಲ್ಲಿ ಹೆಚ್ಚುಕಡಿಮೆ ವಾಪಸ್. ಇದೇ ಮನೆಯ ಏಪ್ರಿಲ್ ಬಳಕೆ 280 ಆಗಿದ್ದರೆ? ಇಳಿದರೂ 234, ಗೆರೆ ದಾಟಿಯೇ ಇರ್ತಿತ್ತು, ಉಳಿತಾಯ 300 ರೂಪಾಯಿ ಅಷ್ಟೇ. ಹಾಗಾಗಿ ಬಿಎಲ್‌ಡಿಸಿ ಲಾಭವೋ ಅಂತ ಕೇಳೋ ಮೊದಲು ಮನೆಯ ಹನ್ನೆರಡು ತಿಂಗಳ ಬಿಲ್ ತೆಗೆದು 200ರ ಗೆರೆಯಿಂದ ಎಷ್ಟು ದೂರ ಇದ್ದೀರಿ ಅಂತ ನೋಡಬೇಕು ಅನ್ನೋದು ನಮ್ಮ ವಾದ.

ದುಡ್ಡಿನ ಮಾತು ಬಿಟ್ಟರೆ ಇನ್ನೊಂದಿದೆ, ವೋಲ್ಟೇಜ್. ಸಂಜೆ ಏಳರ ನಂತರ ಆ ಬೀದಿಯಲ್ಲಿ ಕೂಲರ್‌ಗಳೆಲ್ಲ ಶುರುವಾದ ಮೇಲೆ ವೋಲ್ಟೇಜ್ 190ರ ಹತ್ತಿರ ಬರುತ್ತೆ. ಇಂಡಕ್ಷನ್ ಮೋಟಾರಿನ ಟಾರ್ಕ್ ವೋಲ್ಟೇಜ್‌ನ ವರ್ಗಕ್ಕೆ ತಕ್ಕಂತೆ ಇಳಿಯುತ್ತೆ. 230ರಿಂದ 190ಕ್ಕೆ ಬಂದರೆ ಅದೇ ಸ್ಲಿಪ್‌ನಲ್ಲಿ ಟಾರ್ಕ್ ಮೂರನೇ ಎರಡರಷ್ಟು ಮಾತ್ರ. ಗಾಳಿ ಅತಿ ಹೆಚ್ಚು ಬೇಕಾದ ಹೊತ್ತಿಗೇ ಫ್ಯಾನ್ ಸೋಮಾರಿ ಆಗೋದು ಇದಕ್ಕೇ. ಬಿಎಲ್‌ಡಿಸಿ ಒಳಗಿನ ಸರ್ಕ್ಯೂಟ್ ಎಸಿಯನ್ನ ಡಿಸಿ ಮಾಡಿಕೊಂಡು ತನ್ನ ಸ್ಪೀಡನ್ನ ತಾನೇ ಕಾಯ್ದುಕೊಳ್ಳುತ್ತೆ, 190ರಲ್ಲೂ ಅದೇ ವೇಗ. ಯುಪಿಎಸ್ ಮೇಲೆ ಓಡುವಾಗಲೂ ಗುಂಯ್ ಅನ್ನಲ್ಲ, ಬ್ಯಾಟರಿಯೂ ಎರಡು ಪಟ್ಟಿಗಿಂತ ಹೆಚ್ಚು ಹೊತ್ತು ಬರುತ್ತೆ. ರಾತ್ರಿ ಕರೆಂಟ್ ಹೋಗೋ ಊರಿನಲ್ಲಿ ಬಿಲ್‌ಗಿಂತ ಇದೇ ದೊಡ್ಡ ಕಾರಣ ಆಗಬಹುದು.

ಹಾಗಂತ ಸಾದಾ ಫ್ಯಾನನ್ನ ಹಳಿಯೋಕೆ ನಮಗೆ ಮನಸ್ಸಿಲ್ಲ. ಅದು ನಿಧಾನ ಆದರೆ ಹತ್ತಕ್ಕೆ ಏಳೆಂಟು ಸಲ ಕಂಡೆನ್ಸರ್ ಸೊರಗಿರುತ್ತೆ. ನೂರು ರೂಪಾಯಿಯ ಒಳಗೆ ಬೀದಿಯ ಎಲೆಕ್ಟ್ರಿಷಿಯನ್ ಹತ್ತು ನಿಮಿಷದಲ್ಲಿ ಸರಿ ಮಾಡ್ತಾನೆ. ಬಿಎಲ್‌ಡಿಸಿ ಕೆಟ್ಟರೆ ಬಹುಪಾಲು ಒಳಗಿನ ಬೋರ್ಡ್. ಅದು ಆ ಕಂಪನಿಯದ್ದೇ ಆಗಬೇಕು, ಅದೇ ಮಾಡೆಲ್‌ನದಾಗಬೇಕು. ಆ ಬೋರ್ಡ್ ಕೂತಿರೋದು ಕಾದ ತಾರಸಿಯ ಕೆಳಗೆ, ಮನೆಯ ಅತ್ಯಂತ ಬಿಸಿ ಜಾಗದಲ್ಲಿ. ಅದರಲ್ಲಿರೋ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ನ ಆಯಸ್ಸು ಪ್ರತಿ ಹತ್ತು ಡಿಗ್ರಿಗೆ ಹೆಚ್ಚುಕಡಿಮೆ ಅರ್ಧ ಆಗುತ್ತೆ ಅನ್ನೋದನ್ನ ನಮ್ಮ ಎಲೆಕ್ಟ್ರಾನಿಕ್ಸ್ ಗೆಳೆಯರು ಬಲ್ಲರು. ಅದಕ್ಕೇ ಸ್ಟಾರ್ ಎಷ್ಟು ಅನ್ನೋದಕ್ಕಿಂತ ಮೊದಲು ವಾರಂಟಿ ಎಷ್ಟು ವರ್ಷ, ಅದು ಬೋರ್ಡ್‌ಗೂ ಇದೆಯಾ, ಸರ್ವಿಸ್ ಸೆಂಟರ್ ಊರಲ್ಲೇ ಇದೆಯಾ ಅಂತ ಕೇಳಿ.

ಎರಡು ಫ್ಯಾನ್ ತಂದು ಹಾಕಿಸಿದ ಮೊದಲ ರಾತ್ರಿಯೇ ಒಂದು ಫಜೀತಿ ಆಯ್ತು. ಫ್ಯಾನ್ ಹಾಕಿದವರು ಹಾಲ್‌ನ ಹಳೇ ರೆಗ್ಯುಲೇಟರನ್ನ ಲೈನ್‌ನಲ್ಲಿ ಹಾಗೇ ಬಿಟ್ಟಿದ್ದರು. ಗೆಳೆಯನ ಆಯಿ ಅಭ್ಯಾಸಬಲದಿಂದ ಅದನ್ನ ಎರಡಕ್ಕೆ ತಿರುಗಿಸಿದರು. ಫ್ಯಾನ್ ಒಮ್ಮೆ ತಿರುಗೋದು, ಒಮ್ಮೆ ನಿಲ್ಲೋದು. ನಾವು ಮೇನ್ ಆಫ್ ಮಾಡಿ ರೆಗ್ಯುಲೇಟರನ್ನ ಬೈಪಾಸ್ ಮಾಡಿ ನೇರ ವೈರ್ ಕೊಟ್ಟ ಮೇಲೆ ಸರಿಯಾಯ್ತು. ಗೋಡೆ ರೆಗ್ಯುಲೇಟರ್ ಒಪ್ಪೋ ಮಾಡೆಲ್‌ಗಳೂ ಈಗ ಬಂದಿವೆ, ಮನೆಯಲ್ಲಿ ವಯಸ್ಸಾದವರಿದ್ದರೆ ಅದನ್ನೇ ತಗೊಳ್ಳೋದು ವಾಸಿ. ಇದು ನಮಗೆ ಹೊಳೆದದ್ದು ದುಡ್ಡು ಕೊಟ್ಟ ಮೇಲೆ.

"ಅಲ್ರೋ ತಮ್ಮಾ, ಗಾಳಿ ಕಮ್ಮಿ ಮಾಡ್ಬೇಕಂದ್ರ ನಡುರಾತ್ರ್ಯಾಗ ರಿಮೋಟ್ ಹುಡುಕ್ಕೋಂತ ಕುಂಡರ್ಬೇಕೇನ?" ಅಂತ ಆಯಿ ಕೇಳಿದ ಪ್ರಶ್ನೆಗೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಈಗ ಆ ರಿಮೋಟನ್ನ ದಾರ ಕಟ್ಟಿ ಹಾಲ್‌ನ ಕಿಟಕಿ ಸರಳಿಗೆ ತೂಗುಹಾಕಿದ್ದಾರೆ. ಅಡುಗೆಮನೆಯ ಹಳೇ ಫ್ಯಾನ್‌ಗೆ ಎಂಬತ್ತು ರೂಪಾಯಿಯ ಹೊಸ ಕಂಡೆನ್ಸರ್ ಬಿದ್ದಿದೆ, ಜೋರಾಗಿ ತಿರುಗ್ತಾ ಇದೆ.